ಸೇರಿದವರೆಷ್ಟು, ಉಳಿದವರೆಷ್ಟು?

ಒಂದು ಆ್ಯಪ್‌ಗೆ ಜನವರಿಯಲ್ಲಿ 200 ಜನ ಸೇರಿದರು ಎನ್ನೋಣ. ಅವರಲ್ಲಿ ಫೆಬ್ರವರಿಯಲ್ಲೂ ಬಳಸಿದವರೆಷ್ಟು? ಸೇರಿದ ದಿನಾಂಕ ಒಂದು ಪಟ್ಟಿಯಲ್ಲಿದೆ, ಬಳಕೆಯ ದಾಖಲೆ ಇನ್ನೊಂದರಲ್ಲಿದೆ. ಬಳಕೆದಾರರ ಗುರುತಿನ ಸಂಖ್ಯೆ ಹಿಡಿದು ಎರಡನ್ನೂ ಜೋಡಿಸಬೇಕು. ಒಬ್ಬರು ಹತ್ತು ಸಲ ಬಂದರೂ ಲೆಕ್ಕಕ್ಕೆ ಒಬ್ಬರೇ, ಅದಕ್ಕೇ `COUNT(DISTINCT user_id)`. ಹೀಗೆ 60 ಮಂದಿ ಸಿಕ್ಕರೆ, ಉಳಿದವರು ಶೇ. 30.

ಎಡವುವುದು ಇಲ್ಲೇ. ಬರೀ `JOIN` ಬಳಸಿದರೆ, ಸೇರಿದ ಮೇಲೆ ಒಮ್ಮೆಯೂ ಬಳಸದ 80 ಜನ ಲೆಕ್ಕದಿಂದಲೇ ಮಾಯವಾಗುತ್ತಾರೆ. ಭಾಜಕ 120ಕ್ಕೆ ಇಳಿದು, ಶೇ. 50 ಎಂಬ ಸುಳ್ಳು ಅಂಕಿ ಬರುತ್ತದೆ. ಆದ್ದರಿಂದ ಸೇರಿದವರ ಪಟ್ಟಿಯನ್ನು ಮೊದಲಿಟ್ಟು `LEFT JOIN` ಮಾಡಿ. ಪ್ರತಿ ತಿಂಗಳ ಭಾಜಕವನ್ನೂ ಮೂಲ ಪಟ್ಟಿಯೊಂದಿಗೆ ತಾಳೆ ನೋಡಿ. ಹೊಂದದಿದ್ದರೆ ಆ ಶೇಕಡಾವಾರನ್ನು ನಂಬಬೇಡಿ.