ಒಂದು ಬೆರಳಗಲದ ಜೇಡಿ

ಇಟಲಿಯ ಗುಬ್ಬಿಯೊ ಊರಿನ ಹೊರಗೆ ಬೊಟ್ಟಚ್ಚೋನೆ ಎಂಬ ಕಣಿವೆಯಿದೆ. ರಸ್ತೆಯ ಬದಿಯ ಬಂಡೆ ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ನಿಂತಿದೆ. ಅದೆಲ್ಲ ಒಂದು ಕಾಲದ ಕಡಲ ತಳ. ನಸುಗೆಂಪು ಸುಣ್ಣಕಲ್ಲಿನ ಆ ಪದರಗಳ ನಡುವೆ ಒಂದು ಕಡೆ ಬೆರಳಗಲದಷ್ಟು, ಅಂದರೆ ಸುಮಾರು ಒಂದು ಸೆಂಟಿಮೀಟರ್ ದಪ್ಪದ, ಜೇಡಿಯ ಗೆರೆ ಹಾದುಹೋಗುತ್ತದೆ. ಉಗುರಿನಿಂದ ಕೆರೆದರೆ ಉದುರುವಷ್ಟು ಮೆತ್ತಗಿನ ಮಣ್ಣು.

1970ರ ದಶಕದಲ್ಲಿ ಅಮೆರಿಕದ ಭೂವಿಜ್ಞಾನಿ ವಾಲ್ಟರ್ ಆಲ್ವರೆಜ್ ಅಲ್ಲಿಗೆ ಹೋಗಿದ್ದು ಡೈನೋಸಾರ್‌ಗಳನ್ನು ಹುಡುಕಲು ಅಲ್ಲ. ಭೂಮಿಯ ಕಾಂತ ಧ್ರುವಗಳು ಅದಲುಬದಲಾದ ಗುರುತು ಆ ಕಲ್ಲುಗಳಲ್ಲಿ ಉಳಿದಿದೆಯೇ ಎಂದು ನೋಡುವುದು ಅವರ ಕೆಲಸವಾಗಿತ್ತು. ಆದರೆ ಭೂತಗನ್ನಡಿ ಹಿಡಿದು ನೋಡಿದಾಗ ಜೇಡಿಯ ಕೆಳಗಿನ ಸುಣ್ಣಕಲ್ಲಿನಲ್ಲಿ ಮರಳಿನ ಕಾಳಿನಷ್ಟು ದೊಡ್ಡ ಫೊರಾಮಿನಿಫೆರಾ ಚಿಪ್ಪುಗಳು ತುಂಬಿದ್ದವು. ಇವು ಕಡಲಲ್ಲಿ ತೇಲಿಕೊಂಡು ಬದುಕುವ ಒಂಟಿಕೋಶದ ಜೀವಿಗಳು. ಜೇಡಿಯ ಮೇಲಿನ ಕಲ್ಲಿನಲ್ಲಿ ಆ ದೊಡ್ಡ ಜಾತಿಗಳು ಒಂದೂ ಇರಲಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಕೆಲವು ಮಾತ್ರ ಇದ್ದವು. ಜೇಡಿಯಲ್ಲಂತೂ ಚಿಪ್ಪುಗಳೇ ಇಲ್ಲವೆನ್ನಬಹುದು. ಡೈನೋಸಾರ್‌ಗಳ ಯುಗ ಮುಗಿದದ್ದೂ ಕಲ್ಲುಗಳ ಇದೇ ಗಡಿಯಲ್ಲಿ.

ವಾಲ್ಟರ್ ಕೇಳಿಕೊಂಡ ಪ್ರಶ್ನೆ ಸಣ್ಣದು: ಈ ಒಂದು ಸೆಂಟಿಮೀಟರ್ ಮಣ್ಣು ಕೂಡಿಕೊಳ್ಳಲು ಎಷ್ಟು ಕಾಲ ಹಿಡಿದಿರಬೇಕು? ಕೆಲವೇ ವರ್ಷಗಳೋ, ಸಾವಿರಾರು ವರ್ಷಗಳೋ? ಕೆಲವೇ ವರ್ಷಗಳಾಗಿದ್ದರೆ ಸಾವು ಹಠಾತ್ತನೆ ಬಂದಿತ್ತು ಎಂದರ್ಥ.

ಆ ಮಣ್ಣಿನ ಒಂದು ತುಂಡನ್ನು ಅವರು ಅಪ್ಪನಿಗೆ ತೋರಿಸಿದರು. ಅಪ್ಪ ಲೂಯಿ ಆಲ್ವರೆಜ್ 1968ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದವರು. ಮಗನ ಪ್ರಶ್ನೆಗೆ ಅವರು ಒಂದು ಗಡಿಯಾರ ಹುಡುಕಿಕೊಟ್ಟರು. ಬಾಹ್ಯಾಕಾಶದಿಂದ ಉಲ್ಕೆಗಳ ನುಣ್ಣನೆಯ ಧೂಳು ವರ್ಷವಿಡೀ ಭೂಮಿಗೆ ಬೀಳುತ್ತಿರುತ್ತದೆ, ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ. ಆ ಧೂಳನ್ನು ಗುರುತಿಸಲು ಇರಿಡಿಯಂ ಎಂಬ ಲೋಹ ಸಾಕು. ಭೂಮಿ ಕರಗಿದ ಮುದ್ದೆಯಾಗಿದ್ದಾಗ ಇಲ್ಲಿದ್ದ ಇರಿಡಿಯಂ ಬಹುಪಾಲು ಕಬ್ಬಿಣದ ಜೊತೆ ಗರ್ಭಕ್ಕೆ ಇಳಿದುಹೋಯಿತು. ಹೊರಚಿಪ್ಪಿನಲ್ಲಿ ಉಳಿದದ್ದು ನಾಮಮಾತ್ರ. ಉಲ್ಕೆಗಳಲ್ಲಿ ಅದು ಹಾಗೆಯೇ ಇದೆ. ಜೇಡಿ ನಿಧಾನವಾಗಿ ಕೂಡಿದ್ದರೆ ಅದರಲ್ಲಿ ಒಂದಿಷ್ಟು ಇರಿಡಿಯಂ ಸಿಗಬೇಕು, ಬೇಗ ಕೂಡಿದ್ದರೆ ಏನೂ ಸಿಗಬಾರದು.

ಇಷ್ಟು ಸೂಕ್ಷ್ಮವಾಗಿ ಅಳೆಯಬಲ್ಲವರು ಲೂಯಿ ಕೆಲಸ ಮಾಡುತ್ತಿದ್ದ ಬರ್ಕ್ಲಿ ಪ್ರಯೋಗಾಲಯದಲ್ಲೇ ಇದ್ದರು: ಫ್ರಾಂಕ್ ಅಸಾರೊ ಮತ್ತು ಹೆಲೆನ್ ಮಿಷೆಲ್. ಮಣ್ಣನ್ನು ಅಣುಸ್ಥಾವರದಲ್ಲಿಟ್ಟು ನ್ಯೂಟ್ರಾನ್‌ಗಳಿಗೆ ಒಡ್ಡುವುದು, ಆಮೇಲೆ ಅದು ಸೂಸುವ ಗಾಮಾ ಕಿರಣಗಳ ಶಕ್ತಿ ನೋಡಿ ಯಾವ ಧಾತು ಎಷ್ಟಿದೆ ಎಂದು ಲೆಕ್ಕ ಹಾಕುವುದು ಅವರ ವಿಧಾನ. ಜೇಡಿ ನಿಧಾನವಾಗಿ ಕೂಡಿದ್ದರೂ ಸಾವಿರ ಕೋಟಿಯಲ್ಲಿ ಒಂದು ಪಾಲು ಇರಿಡಿಯಂ ಕಂಡೀತು ಎಂಬುದು ನಿರೀಕ್ಷೆ. 1978ರಲ್ಲಿ ಬಂದ ಉತ್ತರ ಎರಡು ಸಾಧ್ಯತೆಗಳಿಗೂ ಹೊಂದಲಿಲ್ಲ. ಮೇಲಿನ ಕೆಳಗಿನ ಪದರಗಳಿಗಿಂತ ಜೇಡಿಯಲ್ಲಿ ಸುಮಾರು 30 ಪಟ್ಟು ಹೆಚ್ಚು ಇರಿಡಿಯಂ ಇತ್ತು. ನಿತ್ಯದ ಉಲ್ಕಾಧೂಳು ಅಷ್ಟನ್ನು ತರುವುದು ಸಾಧ್ಯವೇ ಇರಲಿಲ್ಲ. ಗಡಿಯಾರ ಕೆಟ್ಟಿತು, ಪ್ರಶ್ನೆಯೇ ಬದಲಾಯಿತು.

ಮೊದಲ ಅನುಮಾನ, ಇದು ಗುಬ್ಬಿಯೊದ ಸ್ಥಳೀಯ ವಿಚಿತ್ರವೇ ಎಂಬುದು. ವಾಲ್ಟರ್ ಡೆನ್ಮಾರ್ಕಿನ ಸ್ಟೆವ್ನ್ಸ್ ಕ್ಲಿಂಟ್ ಎಂಬ ಕಡಲಂಚಿನ ಬಿಳಿ ಬಂಡೆಗೆ ಹೋದರು. ಅಲ್ಲಿಯೂ ಅದೇ ಗಡಿಯಲ್ಲಿ ಕಪ್ಪು ಜೇಡಿಯ ಪದರ. ಮೀನಿನ ಪಳೆಯುಳಿಕೆ ಸಿಗುವುದರಿಂದ ಸ್ಥಳೀಯರು ಅದನ್ನು ಮೀನುಜೇಡಿ ಎನ್ನುತ್ತಾರೆ. ಅದರಲ್ಲಿ ಇರಿಡಿಯಂ 160 ಪಟ್ಟು ಹೆಚ್ಚಿತ್ತು. ಭೂಮಿಯ ಇನ್ನೊಂದು ತುದಿಯ ನ್ಯೂಜಿಲೆಂಡಿನಲ್ಲಿ 20 ಪಟ್ಟು.

ಎರಡನೆಯ ಅನುಮಾನ, ಹತ್ತಿರದ ನಕ್ಷತ್ರವೊಂದು ಸಿಡಿದಿರಬಹುದೇ ಎಂಬುದು. ಹಾಗಾಗಿದ್ದರೆ ಪ್ಲುಟೋನಿಯಂ-244 ಕೂಡ ಜೊತೆಯಲ್ಲಿ ಬಂದಿರಬೇಕು. ಮೊದಲ ಪರೀಕ್ಷೆಯಲ್ಲಿ ಅದು ಸಿಕ್ಕಿಯೇಬಿಟ್ಟಿತು! ಆದರೆ ಅಸಾರೊ ಮತ್ತು ಮಿಷೆಲ್ ಸಂಭ್ರಮಕ್ಕೆ ಮಣೆ ಹಾಕದೆ, ಬೇರೆ ಮಣ್ಣು ತೆಗೆದುಕೊಂಡು ಎಲ್ಲವನ್ನೂ ಮೊದಲಿನಿಂದ ಮಾಡಿದರು. ಈ ಸಲ ಏನೂ ಇರಲಿಲ್ಲ. ಮೊದಲು ಕಂಡದ್ದು ಪ್ರಯೋಗಾಲಯದಲ್ಲೇ ಅಂಟಿಕೊಂಡ ಕಲ್ಮಶ. ನಕ್ಷತ್ರದ ಕತೆ ಅಲ್ಲಿಗೆ ಮುಗಿಯಿತು.

ಉಳಿದದ್ದು ಕ್ಷುದ್ರಗ್ರಹ. ಎಷ್ಟು ದೊಡ್ಡದು? ಲೆಕ್ಕವನ್ನು ನಾವೂ ಹಾಕಿ ನೋಡಬಹುದು. ಗುಬ್ಬಿಯೊದಲ್ಲಿ ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ ಹೆಚ್ಚುವರಿ ಇರಿಡಿಯಂ ಒಂದು ಗ್ರಾಮಿನ ನೂರು ಕೋಟಿಯಲ್ಲಿ 8 ಪಾಲು. ಅದನ್ನು ಇಡೀ ಭೂಮಿಗೆ ಹರಡಿದರೆ ಸುಮಾರು 40 ಸಾವಿರ ಟನ್ ಆಗುತ್ತದೆ. ಸಾಧಾರಣ ಉಲ್ಕಾಶಿಲೆಯಲ್ಲಿ ಇರಿಡಿಯಂ ಹತ್ತು ಲಕ್ಷದಲ್ಲಿ ಅರ್ಧ ಪಾಲು. ಆದ್ದರಿಂದ ಅಷ್ಟನ್ನು ತರಲು 8 ಸಾವಿರ ಕೋಟಿ ಟನ್ ಕಲ್ಲು ಬೇಕು. ಆದರೆ ಅಪ್ಪಳಿಸಿದ ಕಲ್ಲಿನ ಬಹುಪಾಲು ಲೋಕವೆಲ್ಲ ಸುತ್ತದೆ ಹತ್ತಿರವೇ ಬೀಳುತ್ತದೆ. 1883ರ ಕ್ರಾಕಟೋವ ಜ್ವಾಲಾಮುಖಿಯ ಬೂದಿಯಲ್ಲಿ ಐದನೇ ಒಂದು ಪಾಲಷ್ಟೇ ಮೇಲಿನ ವಾಯುಮಂಡಲದಲ್ಲಿ ಉಳಿದಿತ್ತು. ಅದೇ ಅಂದಾಜನ್ನು ಇಲ್ಲೂ ಹಿಡಿದರೆ ಕಲ್ಲು ಸುಮಾರು ಐದು ಪಟ್ಟಾಗಿ, ಆರೇಳು ಕಿಲೋಮೀಟರ್ ಅಡ್ಡಳತೆಯ ಗುಂಡಾಗುತ್ತದೆ. ಬೇರೆ ದಾರಿಗಳ ಲೆಕ್ಕವನ್ನೂ ಸೇರಿಸಿ ನಾಲ್ವರೂ 1980ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಉತ್ತರ: ಸುಮಾರು 10 ಕಿಲೋಮೀಟರ್, ನಾಲ್ಕು ಹೆಚ್ಚು ಅಥವಾ ಕಡಿಮೆ. ಅದೇ ಹೊತ್ತಿಗೆ ಡಚ್ ವಿಜ್ಞಾನಿ ಯಾನ್ ಸ್ಮಿಟ್ ಸ್ಪೇನಿನ ಕಾರವಾಕದ ಪದರದಲ್ಲಿ ಇರಿಡಿಯಂ ಕಂಡು, ತಾವೇ ಇದೇ ತೀರ್ಮಾನಕ್ಕೆ ಬಂದಿದ್ದರು.

ಎಲ್ಲರೂ ಒಪ್ಪಲಿಲ್ಲ. ಇರಿಡಿಯಂ ಭೂಗರ್ಭದಿಂದ ಜ್ವಾಲಾಮುಖಿಯ ಮೂಲಕವೂ ಬರಬಹುದಲ್ಲ ಎಂಬ ಆಕ್ಷೇಪ ಗಟ್ಟಿಯಾಗಿತ್ತು. ಅದಕ್ಕೆ ತಕ್ಕ ಆರೋಪಿಯೂ ಇತ್ತು, ಅದೂ ನಮ್ಮ ನೆಲದಲ್ಲಿ. ಮಹಾರಾಷ್ಟ್ರದಿಂದ ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿಯವರೆಗೆ ಹಬ್ಬಿರುವ ದಖ್ಖನ್ನಿನ ಕಪ್ಪು ಕಲ್ಲು ಅದೇ ಯುಗಾಂತ್ಯದ ಆಸುಪಾಸಿನಲ್ಲಿ ಉಕ್ಕಿ ಹರಿದ ಲಾವಾ.

ಎರಡನ್ನೂ ಬೇರ್ಪಡಿಸುವ ಸಾಕ್ಷಿ ಬೇಕಿತ್ತು. 1984ರಲ್ಲಿ ಬ್ರೂಸ್ ಬೋಹೋರ್ ಮತ್ತು ಸಂಗಡಿಗರು ಅಮೆರಿಕದ ಮೊಂಟಾನಾದ ಗಡಿಪದರದಲ್ಲಿ ಬೆಣಚುಕಲ್ಲಿನ ಪುಟ್ಟ ಹರಳುಗಳನ್ನು ಕಂಡರು. ಸೂಕ್ಷ್ಮದರ್ಶಕದಲ್ಲಿ ಅವುಗಳ ಮೈಮೇಲೆ ಒತ್ತೊತ್ತಾದ ಸಮಾಂತರ ಗೆರೆಗಳು, ಅದೂ ಒಂದನ್ನೊಂದು ಕತ್ತರಿಸುವ ಹಲವು ಜೋಡಿಗಳು. ಹರಳಿನ ಒಳರಚನೆಯೇ ಪದರ ಪದರವಾಗಿ ಕುಸಿದರೆ ಮಾತ್ರ ಇಂಥ ಗೆರೆ ಬೀಳುತ್ತದೆ. ಉಲ್ಕಾಕುಳಿಗಳಲ್ಲಿ ಮತ್ತು ಅಣುಬಾಂಬ್ ಪರೀಕ್ಷೆಯ ಜಾಗಗಳಲ್ಲಿ ಇವು ಸಿಗುತ್ತವೆ. ಹರಿಯುವ ಲಾವಾಕ್ಕೆ ಅಂಥ ಹೊಡೆತ ಕೊಡುವ ಶಕ್ತಿಯಿಲ್ಲ. ಇನ್ನು ನ್ಯೂ ಮೆಕ್ಸಿಕೋದ ರಾಟನ್ ಕಣಿವೆಯಲ್ಲಿ, ಕಡಲಲ್ಲದ ಜೌಗುನೆಲದ ಪದರದಲ್ಲೂ ಇರಿಡಿಯಂ ಸಿಕ್ಕಿತ್ತು. ಅದೇ ಗೆರೆಯಲ್ಲಿ ಹೂಗಿಡಗಳ ಪರಾಗ ಇದ್ದಕ್ಕಿದ್ದಂತೆ ಇಳಿದು, ಸುಟ್ಟ ನೆಲದಲ್ಲಿ ಮೊದಲು ಚಿಗುರುವ ಜರೀಗಿಡಗಳ ಬೀಜಕಗಳು ತುಂಬಿಕೊಂಡಿದ್ದವು.

ಎಲ್ಲ ಇದ್ದರೂ ಕುಳಿಯೇ ಇರಲಿಲ್ಲ. ಹತ್ತು ಕಿಲೋಮೀಟರ್ ಕಲ್ಲು ಬಿದ್ದರೆ 150-200 ಕಿಲೋಮೀಟರ್ ಅಗಲದ ಕುಳಿಯಾಗಬೇಕು. ಅದು ಕಡಲ ತಳದಲ್ಲಿದ್ದು, ಆ ತಳವೇ ಭೂಮಿಯೊಳಕ್ಕೆ ಜಾರಿಹೋಗಿದ್ದರೆ ಎಂದೂ ಸಿಗಲಾರದು. ದಾರಿ ತೋರಿಸಿದ್ದು ಪದರದ ದಪ್ಪ. ಯುರೋಪಿನಲ್ಲಿ ಬೆರಳಗಲ ಇದ್ದದ್ದು ಕೆರಿಬಿಯನ್ನಿನ ಹೈಟಿಯಲ್ಲಿ ಸುಮಾರು ಅರ್ಧ ಮೀಟರ್ ಇತ್ತು, ಕರಗಿ ಹಾರಿದ ಕಲ್ಲಿನ ಗಾಜಿನ ಮಣಿಗಳ ಸಮೇತ. ಟೆಕ್ಸಾಸಿನ ಬ್ರಾಜೋಸ್ ನದಿಯ ಬಳಿ ದೈತ್ಯ ಅಲೆ ಎಳೆದುತಂದ ಮರಳಿನ ಪದರವಿತ್ತು. ಹೊಡೆತ ಬಿದ್ದದ್ದು ಹತ್ತಿರದಲ್ಲೇ ಎಲ್ಲೋ ಎಂದು ಸಂಶೋಧಕ ವಿದ್ಯಾರ್ಥಿ ಆಲನ್ ಹಿಲ್ಡೆಬ್ರಾಂಡ್ ಊಹಿಸಿದರು.

ವಿಚಿತ್ರವೆಂದರೆ ಕುಳಿ ಆಗಲೇ ಸಿಕ್ಕಾಗಿತ್ತು. 1978ರಲ್ಲಿ ಮೆಕ್ಸಿಕೋದ ತೈಲ ಕಂಪನಿ ಪೆಮೆಕ್ಸ್‌ಗಾಗಿ ವಿಮಾನದಿಂದ ಕಾಂತಕ್ಷೇತ್ರದ ಸರ್ವೇ ಮಾಡುತ್ತಿದ್ದ ಗ್ಲೆನ್ ಪೆನ್‌ಫೀಲ್ಡ್, ಯುಕಟಾನ್ ಕರಾವಳಿಯ ಕಡಲಡಿ ದೊಡ್ಡ ಕಮಾನೊಂದನ್ನು ಗುರುತಿಸಿದರು. ನೆಲದ ಮೇಲಿನ ಹಳೆಯ ಗುರುತ್ವ ನಕ್ಷೆಯಲ್ಲಿ ಉಳಿದರ್ಧ ಕಮಾನಿತ್ತು. ಸೇರಿಸಿದರೆ ಪೂರ್ಣ ವೃತ್ತ. 1981ರಲ್ಲಿ ಅವರು ಆಂಟೋನಿಯೋ ಕಮಾರ್ಗೋ ಜೊತೆ ತೈಲಶೋಧಕರ ಸಮ್ಮೇಳನದಲ್ಲಿ ಇದನ್ನು ಹೇಳಿದರು. ಹ್ಯೂಸ್ಟನ್ನಿನ ಪತ್ರಿಕೆಯೊಂದರಲ್ಲಿ ಕಾರ್ಲೋಸ್ ಬಯಾರ್ಸ್ ವರದಿಯನ್ನೂ ಬರೆದರು. ಆದರೆ ಕುಳಿ ಹುಡುಕುತ್ತಿದ್ದವರ ಕಿವಿಗೆ ಅದು ಬೀಳಲಿಲ್ಲ. 1990ರಲ್ಲಿ ಬಯಾರ್ಸ್ ಸ್ವತಃ ಹಿಲ್ಡೆಬ್ರಾಂಡ್‌ಗೆ ತಿಳಿಸಿದ ಮೇಲೆ ಎರಡು ಕತೆಗಳು ಕೂಡಿದವು. ಪೆಮೆಕ್ಸ್ ಹಿಂದೆ ಕೊರೆದಿದ್ದ ಬಾವಿಗಳಿಂದ ಎತ್ತಿದ, ಜ್ವಾಲಾಮುಖಿ ಶಿಲೆಯೆಂದು ಪಕ್ಕಕ್ಕಿಟ್ಟಿದ್ದ ಕಲ್ಲನ್ನು ತರಿಸಿ ನೋಡಿದರೆ, ಅದೇ ಗೆರೆಗಳ ಬೆಣಚು ಹರಳು! 1991ರಲ್ಲಿ ಚಿಕ್ಷುಲುಬ್ ಕುಳಿಯ ವಿಷಯ ಪ್ರಕಟವಾಯಿತು. ಲೂಯಿ ಆಲ್ವರೆಜ್ ಅದನ್ನು ನೋಡಲು ಇರಲಿಲ್ಲ, 1988ರಲ್ಲೇ ತೀರಿಕೊಂಡಿದ್ದರು. 1992ರಲ್ಲಿ ಕುಳಿಯ ಕರಗುಶಿಲೆ ಮತ್ತು ಹೈಟಿಯ ಗಾಜಿನ ಮಣಿಗಳ ವಯಸ್ಸು ಒಂದೇ ಎಂದು ತಿಳಿಯಿತು. ಇಂದಿನ ಲೆಕ್ಕದಲ್ಲಿ ಅದು 6 ಕೋಟಿ 60 ಲಕ್ಷ ವರ್ಷ.

ಈ ಸಾಕ್ಷಿಗಳು ಎಷ್ಟು ಹೇಳುತ್ತವೆ ಎಂಬುದಕ್ಕೂ ಮಿತಿಯಿದೆ. ಡೈನೋಸಾರ್ ಮೂಳೆ ಅಪರೂಪ. ಕೊನೆಯ ಮೂಳೆ ಗಡಿಗಿಂತ ಸ್ವಲ್ಪ ಕೆಳಗೆ ಸಿಕ್ಕಿದರೆ ಅವು ಮೊದಲೇ ಅಳಿದವು ಎಂದರ್ಥವಲ್ಲ, ಗಡಿಯವರೆಗೂ ಸೊಂಪಾಗಿದ್ದವು ಎಂದೂ ಅಲ್ಲ. ಹಾಗಾಗಿ ಹಠಾತ್ ಸಾವಿನ ಖಚಿತ ಸಾಕ್ಷಿ ಲೆಕ್ಕವಿಲ್ಲದಷ್ಟು ಸಿಗುವ ಫೊರಾಮಿನಿಫೆರಾಗಳದ್ದೇ. ದಖ್ಖನ್ ಲಾವಾ ಗಡಿಗೆ ಮೊದಲೂ ಆಮೇಲೂ ಲಕ್ಷಾಂತರ ವರ್ಷ ಹರಿಯಿತು. ಹವೆಯನ್ನು ಅದೆಷ್ಟು ಕೆಡಿಸಿತ್ತು ಎಂಬ ವಾದ ಇನ್ನೂ ನಡೆದಿದೆ. ಆದರೆ ಲೋಕವೆಲ್ಲ ಹಬ್ಬಿದ, ಗೆರೆಬಿದ್ದ ಹರಳಿರುವ ಆ ಒಂದೇ ತೆಳು ಪದರವನ್ನು ಲಾವಾದಿಂದ ವಿವರಿಸಲಾಗದು.

ವಾಲ್ಟರ್ ಅವರ ಮೊದಲ ಪ್ರಶ್ನೆ ಮಾತ್ರ ಹಾಗೇ ಉಳಿದಿತ್ತು. 2001ರಲ್ಲಿ ಸುಜಯ್ ಮುಖೋಪಾಧ್ಯಾಯ ಮತ್ತು ಸಂಗಡಿಗರು ಅದನ್ನು ಮತ್ತೆ ಕೈಗೆತ್ತಿಕೊಂಡರು. ಇರಿಡಿಯಂ ಬದಲು ಅವರು ಅಳೆದದ್ದು ಬಾಹ್ಯಾಕಾಶದ ಧೂಳು ಹೊತ್ತು ತರುವ ಹೀಲಿಯಂ-3. ದೊಡ್ಡ ಅಪ್ಪಳಿಕೆಯಲ್ಲಿ ಅದು ಬಿಸಿಗೆ ಹಾರಿಹೋಗುತ್ತದೆ. ನಿತ್ಯ ಉದುರುವ ನುಣ್ಣನೆಯ ಧೂಳಿನಲ್ಲಿ ಮಾತ್ರ ಅದು ಉಳಿದು ಕಡಲ ತಳ ಸೇರುತ್ತದೆ. ಲೂಯಿಯವರ ಗಡಿಯಾರವನ್ನೇ ಕ್ಷುದ್ರಗ್ರಹದಿಂದ ಕೆಡದ ಮುಳ್ಳಿನಿಂದ ಓದಿದಂತಾಯಿತು. ಅಪ್ಪಳಿಸಿದ ಕಲ್ಲಿನ ಧೂಳು ಬೇಗನೆ ಇಳಿದಿತ್ತು. ಸುಣ್ಣದ ಚಿಪ್ಪು ಕಟ್ಟುವ ಜೀವಿಗಳು ಸತ್ತಿದ್ದರಿಂದ ಅದರ ಮೇಲೆ ಬರೀ ಜೇಡಿ ಬೀಳುತ್ತಲೇ ಇತ್ತು. ಆ ಬೆರಳಗಲದ ಮಣ್ಣು ಕೂಡಿಕೊಳ್ಳಲು ಹಿಡಿದ ಕಾಲ ಸುಮಾರು 10 ಸಾವಿರ ವರ್ಷ.