ನಂಬರ್ ಶಿವಮೊಗ್ಗದ್ದು, ಕೋಡ್ ಬರಬೇಕಾದದ್ದು ಆಹೆನ್‌ಗೆ

ಅಣ್ಣನ ಮಗಳು ಎಂಜಿನಿಯರಿಂಗ್ ಸ್ನಾತಕೋತ್ತರ ಓದಲು ಜರ್ಮನಿಯ ಆಹೆನ್ ನಗರಕ್ಕೆ ಹೋಗಿ ಐದು ವಾರ ಕಳೆದಿತ್ತು. ಅಕ್ಟೋಬರ್ ಮೊದಲ ವಾರ. ಅಲ್ಲಿ ಸಂಜೆ ಏಳು, ನಮಗೆ ರಾತ್ರಿ ಹತ್ತೂವರೆ. ಫೋನಿನಲ್ಲಿ ಅವಳ ದನಿ ನಡುಗುತ್ತಿತ್ತು. ‘ಚಿಕ್ಕಪ್ಪ, ರೂಮಿನ ಅಡ್ವಾನ್ಸ್ ನಾಳೆ ಕಟ್ಟಬೇಕು. ಬ್ಯಾಂಕಿನ ಒಟಿಪಿ ಬರ್ತಾನೇ ಇಲ್ಲ. ಇನ್ನೊಂದು ಸಲ ತಪ್ಪಿದ್ರೆ ಲಾಗಿನ್ನೇ ಲಾಕ್ ಆಗುತ್ತೆ ಅಂತಿದೆ.’

ಶಿವಮೊಗ್ಗದ ಸಿಮ್ ಅವಳ ಫೋನಿನಲ್ಲೇ ಇತ್ತು. ಪಕ್ಕದಲ್ಲಿ ಜರ್ಮನಿಯ ಸಿಮ್ಮೂ ಇತ್ತು. ಊರಿನ ಸಿಮ್ ಎದುರು ಮಾತ್ರ ಸಿಗ್ನಲ್ ಕಡ್ಡಿಗಳೇ ಕಾಣುತ್ತಿರಲಿಲ್ಲ.

ಸಂದೇಶ ಹೇಗೆ ಬರುತ್ತದೆ ಎಂಬುದು ತಿಳಿದರೆ ಎಲ್ಲಿ ನಿಂತಿದೆ ಎಂಬುದೂ ಗೊತ್ತಾಗುತ್ತದೆ. ಬ್ಯಾಂಕ್ ಕಳಿಸಿದ ಒಟಿಪಿ ನೇರವಾಗಿ ಫೋನಿಗೆ ಹಾರಿಬರುವುದಿಲ್ಲ. ಅದು ಮೊದಲು ನಮ್ಮ ಮೊಬೈಲ್ ಕಂಪನಿಯ ಸಂದೇಶ ಕೇಂದ್ರಕ್ಕೆ ಹೋಗುತ್ತದೆ. ಆ ಕೇಂದ್ರ ಕಂಪನಿಯ ದಾಖಲೆ ನೋಡಿ, ಈ ಸಿಮ್ ಈಗ ಯಾವ ಜಾಲದಲ್ಲಿದೆ ಎಂದು ವಿಚಾರಿಸುತ್ತದೆ. ರೋಮಿಂಗ್ ತೆರೆದಿದ್ದರೆ ಜರ್ಮನಿಯ ಜಾಲವೊಂದು ‘ನಮ್ಮಲ್ಲಿದೆ’ ಎಂದು ಮೊದಲೇ ತಿಳಿಸಿರುತ್ತದೆ, ಸಂದೇಶ ಅಲ್ಲಿಗೆ ಹೊರಡುತ್ತದೆ. ತೆರೆದಿಲ್ಲದಿದ್ದರೆ ದಾಖಲೆಯಲ್ಲಿರುವ ಕೊನೆಯ ವಿಳಾಸ ಬೆಂಗಳೂರಿನ ವಿಮಾನ ನಿಲ್ದಾಣದ ಟವರ್. ಅಲ್ಲಿ ಆಳಿಲ್ಲ. ಸಂದೇಶ ಕೇಂದ್ರದಲ್ಲೇ ಕಾಯುತ್ತದೆ, ನಡುನಡುವೆ ಮತ್ತೆ ಪ್ರಯತ್ನಿಸುತ್ತದೆ. ಆದರೆ ಒಟಿಪಿಯ ಆಯುಸ್ಸು ಕೆಲವೇ ನಿಮಿಷ.

ಅವಳ ವಿಷಯದಲ್ಲಿ ತೊಡಕು ಎರಡಿತ್ತು. ಹೊರಡುವ ಮುನ್ನ ಹಾಕಿಸಿದ್ದು 28 ದಿನದ ರೀಚಾರ್ಜ್, ಅದು ಮುಗಿದಿತ್ತು. ರೋಮಿಂಗ್ ಅನ್ನು ಯಾರೂ ಚಾಲೂ ಮಾಡಿಸಿರಲಿಲ್ಲ. ಮೊದಲ ನಾಲ್ಕು ವಾರ ಯಾವ ಒಟಿಪಿಯೂ ಬೇಕಾಗಿರದ ಕಾರಣ ಎರಡೂ ಗಮನಕ್ಕೆ ಬಂದಿರಲಿಲ್ಲ.

ರೀಚಾರ್ಜ್ ಸುಲಭವಿತ್ತು. ಅದಕ್ಕೆ ಒಟಿಪಿ ಬೇಕಿಲ್ಲ, ಅಣ್ಣ ತನ್ನ ಫೋನಿನಿಂದಲೇ ಮಾಡಿದ. ಹೊರಗಿರುವವರಿಗೆ ಡೇಟಾ ಇರುವ ದುಬಾರಿ ಪ್ಯಾಕ್ ಬೇಕಾಗಿಲ್ಲ. ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕನ್ನೂ ಕೊಡಲೇಬೇಕೆಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿತು. ಅಂಥ ಪ್ಯಾಕಿನ ಅವಧಿ 365 ದಿನದವರೆಗೆ ಇರಬಹುದು. ಸಿಮ್ಮನ್ನು ಸುಮ್ಮನೆ ಸಾಯಲು ಬಿಡುವುದು ಹಣದ ಲೆಕ್ಕಕ್ಕಿಂತ ದೊಡ್ಡ ಅಪಾಯ. ದೀರ್ಘಕಾಲ ಬಳಸದ ನಂಬರನ್ನು ಕಂಪನಿ ಹಿಂತೆಗೆದುಕೊಂಡು ಬೇರೆಯವರಿಗೆ ಕೊಡುತ್ತದೆ. ಆಗ ನಿಮ್ಮ ಒಟಿಪಿ ಅಪರಿಚಿತರೊಬ್ಬರ ಕೈಯಲ್ಲಿರುತ್ತದೆ.

ರೋಮಿಂಗ್ ಚಾಲೂ ಮಾಡುವಲ್ಲಿ ಸಿಕ್ಕಿಬಿದ್ದೆವು. ಕಂಪನಿಯ ಆ್ಯಪ್‌ನಲ್ಲೇ ಮಾಡಬಹುದು ಎಂದರು, ಆ ಆ್ಯಪ್‌ಗೆ ಲಾಗಿನ್ ಆಗಲು ಒಟಿಪಿ ಬೇಕು, ಅದು ಬರುವುದು ಅದೇ ಸಿಮ್‌ಗೆ! ಊರಿನಲ್ಲಿದ್ದಾಗ ಎರಡು ನಿಮಿಷದ ಕೆಲಸ. ರೋಮಿಂಗ್ ಚಾಲೂ ಇರುವುದು ಬೇರೆ, ರೋಮಿಂಗ್ ಪ್ಯಾಕ್ ಕೊಳ್ಳುವುದು ಬೇರೆ. ಬರುವ ಎಸ್ಸೆಮ್ಮೆಸ್‌ಗೆ ನಮ್ಮ ಕಂಪನಿಗಳು ಸಾಮಾನ್ಯವಾಗಿ ದುಡ್ಡು ಕೇಳುವುದಿಲ್ಲ. ದುಡ್ಡು ಹೋಗುವುದು ಕರೆ ಎತ್ತಿದಾಗ ಮತ್ತು ಡೇಟಾ ಬಳಸಿದಾಗ. ಆದರೆ ಪ್ರೀಪೇಯ್ಡ್‌ನಲ್ಲಿ ಚಾಲೂ ಮಾಡುವುದಕ್ಕೇ ಒಂದು ರೀಚಾರ್ಜ್ ಕೇಳುವ ಕಂಪನಿಗಳೂ ಇರುವುದರಿಂದ, ಹೊರಡುವ ಮುನ್ನ ವಿಚಾರಿಸಿಕೊಳ್ಳಬೇಕು.

ನಮ್ಮನ್ನು ಆ ರಾತ್ರಿ ದಾಟಿಸಿದ್ದು ವೈಫೈ ಕಾಲಿಂಗ್. ಫೋನ್ ಯಾವುದೋ ಇಂಟರ್ನೆಟ್ ಮೂಲಕ ಊರಿನ ಮೊಬೈಲ್ ಕಂಪನಿಗೆ ಒಂದು ಗುಪ್ತ ಕೊಳವೆ ಹಾಕಿಕೊಳ್ಳುತ್ತದೆ, ಕಂಪನಿಯ ಮಟ್ಟಿಗೆ ಅದೂ ಒಂದು ಟವರ್ ಇದ್ದ ಹಾಗೆ. ವಿದೇಶಿ ಜಾಲದ ಹಂಗೇ ಇಲ್ಲ. ಎಸ್ಸೆಮ್ಮೆಸ್ಸೂ ಅದೇ ದಾರಿಯಲ್ಲಿ ಇಳಿದುಬರುತ್ತದೆ. ಅವಳು ಸೆಟ್ಟಿಂಗ್ಸ್‌ಗೆ ಹೋಗಿ ಊರಿನ ಸಿಮ್‌ಗೆ ವೈಫೈ ಕಾಲಿಂಗ್ ಒತ್ತಿದಳು, ಏರೋಪ್ಲೇನ್ ಮೋಡ್ ಹಾಕಿದಳು, ವೈಫೈ ಮಾತ್ರ ಮತ್ತೆ ತೆರೆದಳು. ಹತ್ತು ನಿಮಿಷವಾದರೂ ಏನೂ ಆಗಲಿಲ್ಲ. ಗೆಳತಿಯ ಫೋನಿನಿಂದ ಹಾಟ್‌ಸ್ಪಾಟ್ ತೆಗೆದುಕೊಂಡಾಗ ಸಿಮ್ ಹೆಸರಿನ ಪಕ್ಕ ವೈಫೈ ಗುರುತು ಮೂಡಿತು. ಅತ್ತಿಗೆ ಶಿವಮೊಗ್ಗದಿಂದ ‘ಊಟ ಆಯ್ತಾ’ ಎಂದು ಒಂದು ಸಾದಾ ಎಸ್ಸೆಮ್ಮೆಸ್ ಕಳಿಸಿದರು. ಅದು ಮುಟ್ಟಿತು. ಆಮೇಲಷ್ಟೇ ಬ್ಯಾಂಕಿನ ಒಟಿಪಿಗೆ ಒತ್ತಿದಳು. ಬಂತು.

ಹಾಸ್ಟೆಲ್ ವೈಫೈಯಲ್ಲಿ ಆಗದ್ದು ಹಾಟ್‌ಸ್ಪಾಟ್‌ನಲ್ಲಿ ಆದದ್ದೇಕೆ? ಆ ಕೊಳವೆ ಯುಡಿಪಿ 500 ಮತ್ತು 4500 ಎಂಬ ಎರಡು ಪೋರ್ಟ್‌ಗಳ ಮೂಲಕ ಹೋಗುತ್ತದೆ. ಅನೇಕ ಸಂಸ್ಥೆಗಳ ಜಾಲದಲ್ಲಿ ಇಂಥ ಬಾಗಿಲು ಮುಚ್ಚಿರುತ್ತದೆ. ಜಾಲ ಬದಲಾಯಿಸಿದರೂ ಗುರುತು ಮೂಡದಿದ್ದರೆ ತಡೆ ಮೊಬೈಲ್ ಕಂಪನಿಯದೇ ಇರಬಹುದು, ವಿದೇಶದ ಇಂಟರ್ನೆಟ್‌ನಿಂದ ಬರುವ ಸಂಪರ್ಕವನ್ನು ಎಲ್ಲರೂ ಒಪ್ಪುವುದಿಲ್ಲ. ಹಾಗಾಗಿ ಇದನ್ನು ಮನೆಯಲ್ಲೇ ಒಮ್ಮೆ ಏರೋಪ್ಲೇನ್ ಮೋಡ್‌ನಲ್ಲಿ ಪರೀಕ್ಷಿಸಿ, ವಿದೇಶದಿಂದಲೂ ನಡೆಯುತ್ತದೆಯೇ ಎಂದು ಕಂಪನಿಯವರನ್ನು ಕೇಳಿಕೊಂಡು ಹೊರಡುವುದು ಒಳ್ಳೆಯದು. ಸಾದಾ ಎಸ್ಸೆಮ್ಮೆಸ್ ಮೊದಲು ಕಳಿಸಿ ನೋಡುವುದನ್ನು ಮಾತ್ರ ಬಿಡಬೇಡಿ. ಅದು ಬಂದು ಬ್ಯಾಂಕಿನದು ಬರದಿದ್ದರೆ ದೋಷ ಸಿಮ್ಮಿನದಲ್ಲ, ಫೋನಿನ ಸ್ಪ್ಯಾಮ್ ಪೆಟ್ಟಿಗೆಯನ್ನೂ ಬ್ಯಾಂಕಿನಲ್ಲಿ ದಾಖಲಾದ ನಂಬರನ್ನೂ ನೋಡಬೇಕು.

ಸಿಮ್ಮನ್ನು ಅಮ್ಮನ ಫೋನಿಗೆ ಹಾಕಿಟ್ಟು, ಒಟಿಪಿ ಬಂದಾಗ ಓದಿ ಹೇಳಿಸಿಕೊಳ್ಳುವವರೇ ಹೆಚ್ಚು. ನನಗಿದು ಒಪ್ಪಿಗೆಯಿಲ್ಲ. ಫೋನಿನಲ್ಲಿ ಒಟಿಪಿ ಓದಿ ಹೇಳುವುದು ತಾಯಿಗೆ ರೂಢಿಯಾದರೆ, ಮಗಳ ಹೆಸರು ಹೇಳಿಕೊಂಡು ವಂಚಕ ಕರೆ ಮಾಡಿದ ದಿನವೂ ಅವರು ಓದಿಬಿಡುತ್ತಾರೆ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯಂತೆ, ಗ್ರಾಹಕರೇ ಇಂಥ ವಿವರ ಹಂಚಿಕೊಂಡು ಹಣ ಹೋದರೆ ಬ್ಯಾಂಕಿಗೆ ದೂರು ಕೊಡುವವರೆಗಿನ ನಷ್ಟ ಅವರದೇ. ಎಸ್ಸೆಮ್ಮೆಸ್ಸನ್ನು ತಾನೇ ರವಾನಿಸುವ ಆ್ಯಪ್‌ಗಳೂ, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ನಂಬರ್‌ಗಳೂ ಇದಕ್ಕಿಂತ ಕೆಟ್ಟವು. ಪುಕ್ಕಟೆ ನಂಬರಿಗೆ ಬಂದ ಸಂದೇಶವನ್ನು ಯಾರು ಬೇಕಾದರೂ ಓದಬಹುದು.

ಒಂದು ವಾರ ಬಿಟ್ಟು ನಾವಿಬ್ಬರೂ ಕೂತು, ಯಾವುದಕ್ಕೆ ನಿಜವಾಗಿ ಆ ಸಿಮ್ ಬೇಕು ಎಂದು ಪಟ್ಟಿ ಮಾಡಿದೆವು. ಇಮೇಲ್‌ಗೆ ಬೇಕಾಗಿಲ್ಲ. ಆಥೆಂಟಿಕೇಟರ್ ಆ್ಯಪ್ ಸಾಕು. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಒಂದು ಗುಟ್ಟಿನ ಸಂಖ್ಯೆ ಫೋನಿಗೆ ಬರುತ್ತದೆ. ಆ ಸಂಖ್ಯೆಯನ್ನೂ ಗಡಿಯಾರವನ್ನೂ ಸೇರಿಸಿ ಫೋನೇ ಸಾಮಾನ್ಯವಾಗಿ 30 ಸೆಕೆಂಡಿಗೊಂದು ಕೋಡ್ ಲೆಕ್ಕ ಹಾಕುತ್ತದೆ. ಜಾಲವೂ ಬೇಡ, ಸಿಮ್ಮೂ ಬೇಡ. ಕೋಡ್ ಪದೇ ಪದೇ ತಪ್ಪೆಂದು ಬಂದರೆ ಫೋನಿನ ಸಮಯ ಸರಿಯಿಲ್ಲವೆಂದು ತಿಳಿಯಬೇಕು. ಫೋನ್ ಕಳೆದರೆ ಗುಟ್ಟೂ ಕಳೆದಂತೆ, ಅದಕ್ಕೇ ಗೂಗಲ್ ಕೊಡುವ ಹತ್ತು ಬ್ಯಾಕಪ್ ಕೋಡ್‌ಗಳನ್ನು ಅವಳು ಪಾಸ್‌ಪೋರ್ಟ್ ಜೊತೆ ಕಾಗದದಲ್ಲಿ ಇಟ್ಟುಕೊಂಡಿದ್ದಾಳೆ.

ಬ್ಯಾಂಕಿನದು ನಿಧಾನದ ಕೆಲಸ. ಓದಲು ಹೊರದೇಶಕ್ಕೆ ಹೋದವರನ್ನು ಅನಿವಾಸಿಗಳೆಂದೇ ಎಣಿಸಬೇಕೆಂದು ರಿಸರ್ವ್ ಬ್ಯಾಂಕ್ 2003ರಲ್ಲೇ ಸ್ಪಷ್ಟಪಡಿಸಿದೆ. ಹಾಗಾಗಿ ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಅಂಥ ಖಾತೆಗೆ ವಿದೇಶಿ ನಂಬರನ್ನು ದಾಖಲಿಸಿಕೊಳ್ಳುವ, ಒಟಿಪಿಯನ್ನು ಇಮೇಲ್‌ಗೂ ಕಳಿಸುವ ಬ್ಯಾಂಕುಗಳಿವೆ. ನಂಬರ್ ಬದಲಿಸುವಾಗ ಹಳೆಯ ನಂಬರಿಗೊಂದು ಒಟಿಪಿ ಬರುವುದುಂಟು, ಆದ್ದರಿಂದ ಹಳೆಯದು ಜೀವಂತವಿದ್ದಾಗಲೇ ಅರ್ಜಿ ಹಾಕಬೇಕು. ಯುಪಿಐ ಬೇರೆ ಕಥೆ. ಹೊಸ ಫೋನಿನಲ್ಲಿ ಹಾಕಿಕೊಳ್ಳಲು ಖಾತೆಗೆ ಜೋಡಿಸಿದ ನಂಬರಿನಿಂದ ಎಸ್ಸೆಮ್ಮೆಸ್ ಹೊರಗೆ ಹೋಗಬೇಕು. ವಿದೇಶಿ ನಂಬರಿನಲ್ಲಿ ಯುಪಿಐ ಬಳಸಲು 2023ರ ಜನವರಿಯಲ್ಲಿ ಅನುಮತಿ ಸಿಕ್ಕ ಹತ್ತು ದೇಶಗಳಲ್ಲಿ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ಸಿಂಗಪುರ ಇದ್ದವು. ಜರ್ಮನಿ ಇರಲಿಲ್ಲ.

ಆಧಾರ್ ಒಟಿಪಿ ಮಾತ್ರ ದಾಖಲಾದ ನಂಬರಿಗೇ ಬರುತ್ತದೆ. ಹಾಗಾಗಿ ಶಿವಮೊಗ್ಗದ ಸಿಮ್ ಅವಳ ಫೋನಿನಲ್ಲಿ ಇನ್ನೂ ಇದೆ. ಡೇಟಾ ರೋಮಿಂಗ್ ಆಫ್, ವೈಫೈ ಕಾಲಿಂಗ್ ಆನ್. ಪ್ರತಿ ತಿಂಗಳ ಒಂದನೇ ತಾರೀಖು ಅತ್ತಿಗೆ ಅದಕ್ಕೊಂದು ಎಸ್ಸೆಮ್ಮೆಸ್ ಕಳಿಸುತ್ತಾರೆ, ಅವಳು ವಾಟ್ಸಾಪ್‌ನಲ್ಲಿ ‘ಬಂತು’ ಎಂದು ಉತ್ತರಿಸುತ್ತಾಳೆ.