ಹಿಂದಕ್ಕೆ ಓಡಿಬರುವ ಟ್ರಾಫಿಕ್ ಜಾಮ್

ಹೆದ್ದಾರಿಯಲ್ಲಿ ಸರಾಗವಾಗಿ ಹೋಗುತ್ತಿದ್ದ ಕಾರಿನ ಮುಂದೆ ಇದ್ದಕ್ಕಿದ್ದಂತೆ ಬ್ರೇಕ್ ದೀಪಗಳು ಸಾಲಾಗಿ ಕೆಂಪೇರುತ್ತವೆ. ಚಾಲಕ ಬ್ರೇಕ್ ಒತ್ತುತ್ತಾನೆ, ಅವನ ಹಿಂದಿನವನೂ ಒತ್ತುತ್ತಾನೆ, ಅವನ ಹಿಂದಿನವನೂ. ರಸ್ತೆಯ ಮೇಲಿನ ಪ್ರತಿಯೊಂದು ಗಾಡಿಯೂ ಮುಂದಕ್ಕೇ ಹೋಗುತ್ತಿದೆ. ಆದರೆ ಜಾಮ್‌ನ ಬಾಲ ಮಾತ್ರ ಹಿಂದಕ್ಕೆ ಬರುತ್ತಿದೆ. ಅದು ಎಷ್ಟು ವೇಗದಲ್ಲಿ ಬರುತ್ತದೆ? ಹುಟ್ಟಿದ್ದು ಎಲ್ಲಿ, ಯಾವ ಕ್ಷಣದಲ್ಲಿ?

1955ರಲ್ಲಿ ಇಂಗ್ಲೆಂಡಿನ ಗಣಿತಜ್ಞರಾದ ಜೇಮ್ಸ್ ಲೈಟ್‌ಹಿಲ್ ಮತ್ತು ಜೆರಾಲ್ಡ್ ವಿಥಮ್ ಈ ಪ್ರಶ್ನೆಗಳಿಗೆ ಒಂದು ಸಮೀಕರಣ ಕೊಟ್ಟರು. ಅದರ ಜೊತೆಯಲ್ಲೇ ಬಂದ ಅವರ ಇನ್ನೊಂದು ಲೇಖನ ಉದ್ದ ನದಿಗಳ ಪ್ರವಾಹವನ್ನು ಕುರಿತದ್ದು. ನೀರಿಗೂ ಗಾಡಿಗಳಿಗೂ ಲೆಕ್ಕ ಒಂದೇ ಜಾತಿಯದು. ಮರುವರ್ಷ ಅಮೆರಿಕದ ಪಾಲ್ ರಿಚರ್ಡ್ಸ್ ಸ್ವತಂತ್ರವಾಗಿ ಅದೇ ಜಾಗಕ್ಕೆ ಬಂದರು. ಮೂವರೂ ಬಳಸಿದ ಸಾಧನ ಅವರಿಗಿಂತ ಬಹಳ ಹಳೆಯದು, ಕ್ಯಾರಕ್ಟರಿಸ್ಟಿಕ್ ವಿಧಾನ. ಕನ್ನಡದಲ್ಲಿ ಅದನ್ನು ಲಕ್ಷಣರೇಖೆಗಳ ವಿಧಾನ ಎನ್ನಬಹುದು.

ಸಮೀಕರಣದ ಹಿಂದಿರುವ ಮಾತು ಸರಳ. ರಸ್ತೆಯ ಒಂದು ತುಣುಕನ್ನು ಗುರುತು ಹಾಕಿಕೊಂಡರೆ, ಅಲ್ಲಿನ ಗಾಡಿಗಳ ಸಂಖ್ಯೆ ಬದಲಾಗುವುದು ಒಳಬಂದವು ಮತ್ತು ಹೊರಹೋದವುಗಳ ವ್ಯತ್ಯಾಸದಿಂದ ಮಾತ್ರ. ನಡುವೆ ಯಾವ ಗಾಡಿಯೂ ಹುಟ್ಟುವುದಿಲ್ಲ, ಮಾಯವಾಗುವುದೂ ಇಲ್ಲ. ಒಂದು ಕಿಲೋಮೀಟರಿಗೆ ಎಷ್ಟು ಗಾಡಿ ಎಂಬ ಸಾಂದ್ರತೆಯನ್ನು k ಎಂದೂ, ಗಂಟೆಗೆ ಎಷ್ಟು ಗಾಡಿ ದಾಟುತ್ತವೆ ಎಂಬ ಹರಿವನ್ನು q ಎಂದೂ ಕರೆದರೆ ಈ ಮಾತು ಹೀಗೆ ಬರೆಸಿಕೊಳ್ಳುತ್ತದೆ:

∂k/∂t + ∂q/∂x = 0

ಇನ್ನು ಬೇಕಿರುವುದು ದಟ್ಟಣೆ ಹೆಚ್ಚಿದಂತೆ ವೇಗ ಹೇಗೆ ಇಳಿಯುತ್ತದೆ ಎಂಬ ನಿಯಮ. ಅಮೆರಿಕದ ಬ್ರೂಸ್ ಗ್ರೀನ್‌ಶೀಲ್ಡ್ಸ್ 1935ರಲ್ಲಿ ಅದನ್ನು ಒಂದು ಸರಳರೇಖೆ ಎಂದು ತೆಗೆದುಕೊಂಡಿದ್ದರು. ಉದಾಹರಣೆಗಾಗಿ ಒಂದು ರಸ್ತೆಯಲ್ಲಿ ಖಾಲಿ ಇದ್ದಾಗಿನ ವೇಗ ಗಂಟೆಗೆ 60 ಕಿ.ಮೀ. ಎಂದಿಟ್ಟುಕೊಳ್ಳೋಣ. ಕಿಲೋಮೀಟರಿಗೆ 120 ಗಾಡಿ ತುಂಬಿದರೆ ಎಲ್ಲವೂ ನಿಂತುಬಿಡುತ್ತವೆ. ಆಗ ವೇಗ 60 − k/2. ವೇಗವನ್ನು ಸಾಂದ್ರತೆಯಿಂದ ಗುಣಿಸಿದರೆ ಹರಿವು: q = 60k − k²/2. ಇದನ್ನು ಮೇಲಿನ ಸಮೀಕರಣಕ್ಕೆ ಹಾಕಿದಾಗ ಸಿಗುವುದು ಇದು:

∂k/∂t + (60 − k) ∂k/∂x = 0

ಇದೇ ಬಿಡಿಸಬೇಕಾದ ಆಂಶಿಕ ಅವಕಲ ಸಮೀಕರಣ. ಜಾಗ ಮತ್ತು ಕಾಲ ಎರಡರ ಜೊತೆಗೂ k ಬದಲಾಗುತ್ತಿರುವುದೇ ಇಲ್ಲಿನ ತೊಡಕು. ಲಕ್ಷಣರೇಖೆಗಳ ವಿಧಾನ ಆ ತೊಡಕನ್ನು ನೋಡುವವರ ಜಾಗ ಬದಲಿಸಿಯೇ ಬಿಡಿಸುತ್ತದೆ. ರಸ್ತೆಯ ಮೇಲೆ ಒಂದು ಡ್ರೋನ್ ಹಾರುತ್ತಿದೆ ಎನ್ನೋಣ. ಅದು ಒಂದೇ ಕಡೆ ನಿಂತು ನೋಡಿದರೆ ಕೆಳಗಿನ ದಟ್ಟಣೆ ಏರುತ್ತದೆ, ಇಳಿಯುತ್ತದೆ. ಅದೇ ಡ್ರೋನ್ ಸರಿಯಾಗಿ 60 − k ವೇಗದಲ್ಲಿ ಹಾರಿದರೆ? ಸಮೀಕರಣದ ಎಡಭಾಗವೆಲ್ಲ ಆ ಡ್ರೋನ್ ಕಾಣುವ ಬದಲಾವಣೆಯೇ ಆಗಿಬಿಡುತ್ತದೆ, ಮತ್ತು ಅದು ಸೊನ್ನೆ. ಅಂದರೆ ಡ್ರೋನ್ ಕೆಳಗೆ ದಟ್ಟಣೆ ಬದಲಾಗುವುದೇ ಇಲ್ಲ. ದಟ್ಟಣೆ ಬದಲಾಗದಿದ್ದರೆ 60 − k ಕೂಡ ಬದಲಾಗದು. ಆದ್ದರಿಂದ ಡ್ರೋನಿನ ವೇಗವೂ ಸ್ಥಿರ. ಕಾಲ ಮತ್ತು ದೂರದ ನಕ್ಷೆಯಲ್ಲಿ ಅದರ ಹಾದಿ ಒಂದು ಸರಳರೇಖೆ. ಅದೇ ಲಕ್ಷಣರೇಖೆ. ಕಷ್ಟದ ಒಂದು ಸಮೀಕರಣ ಹೀಗೆ dx/dt = 60 − k ಮತ್ತು dk/dt = 0 ಎಂಬ ಎರಡು ಸುಲಭ ಸಮೀಕರಣಗಳಾಗಿ ಒಡೆಯುತ್ತದೆ.

ಗಮನಿಸಬೇಕಾದದ್ದು, ಈ ವೇಗ ಗಾಡಿಗಳ ವೇಗವಲ್ಲ. ಸಾಂದ್ರತೆ 100 ಇರುವಲ್ಲಿ ಗಾಡಿಗಳು ಗಂಟೆಗೆ 10 ಕಿ.ಮೀ.ನಲ್ಲಿ ಮುಂದಕ್ಕೆ ತೆವಳುತ್ತಿರುತ್ತವೆ. ಡ್ರೋನ್ ಮಾತ್ರ 40 ಕಿ.ಮೀ. ವೇಗದಲ್ಲಿ ಹಿಂದಕ್ಕೆ ಹಾರಬೇಕು. ಗಾಡಿ ಹೋಗುವ ದಿಕ್ಕು ಒಂದು, ದಟ್ಟಣೆಯ ಸುದ್ದಿ ಹೋಗುವ ದಿಕ್ಕು ಇನ್ನೊಂದು.

ಈಗ ಒಂದು ಸಂದರ್ಭವನ್ನು ಪೂರ್ತಿ ಬಿಡಿಸಬಹುದು. ರಸ್ತೆಯ ಸೊನ್ನೆಯ ಕಲ್ಲಿನವರೆಗೆ ಸಾಂದ್ರತೆ 40. ಅಲ್ಲಿಂದ ಮುಂದೆ ಕಿಲೋಮೀಟರಿಗೆ 20ರಂತೆ ಏರುತ್ತಾ ಹೋಗಿ 3ನೇ ಕಿಲೋಮೀಟರಿನಲ್ಲಿ 100 ಮುಟ್ಟುತ್ತದೆ, ಆಚೆ 100 ಆಗಿಯೇ ಇರುತ್ತದೆ. ಈ ಏರಿನ ಪ್ರತಿ ಬಿಂದುವಿನಿಂದಲೂ ಒಂದೊಂದು ಡ್ರೋನ್ ಹೊರಡಿಸಬೇಕು. ಸೊನ್ನೆಯ ಕಲ್ಲಿನದು ಗಂಟೆಗೆ 20 ಕಿ.ಮೀ. ವೇಗದಲ್ಲಿ ಮುಂದಕ್ಕೆ ಹೊರಡುತ್ತದೆ. 1ನೇ ಕಿಲೋಮೀಟರಿನಲ್ಲಿ ಸಾಂದ್ರತೆ 60, ಹಾಗಾಗಿ ಅಲ್ಲಿನದು ಕದಲುವುದಿಲ್ಲ. 2ನೆಯದರಲ್ಲಿರುವುದು 20ರ ವೇಗದಲ್ಲಿ, 3ನೆಯದರಲ್ಲಿರುವುದು 40ರ ವೇಗದಲ್ಲಿ ಹಿಂದಕ್ಕೆ ಬರುತ್ತವೆ. ಅವುಗಳ ಹಾದಿಯನ್ನು ಒಟ್ಟುಗೂಡಿಸಿದರೆ ಏರಿನ ಭಾಗದ ಉತ್ತರ ಸಿಗುತ್ತದೆ (t ಗಂಟೆಗಳಲ್ಲಿ, x ಕಿಲೋಮೀಟರಿನಲ್ಲಿ):

k = 40 + 20(x − 20t)/(1 − 20t)

ಒಂದೂವರೆ ನಿಮಿಷದ ಹೊತ್ತಿಗೆ ಆ 3 ಕಿಲೋಮೀಟರ್ ಏರು ಅರ್ಧ ಕಿಲೋಮೀಟರ್ ಕಲ್ಲಿನಿಂದ 2ನೇ ಕಿಲೋಮೀಟರಿನವರೆಗಿನ ಒಂದೂವರೆ ಕಿಲೋಮೀಟರಿಗೆ ಕುಗ್ಗಿರುತ್ತದೆ. ಏರು ಇನ್ನಷ್ಟು ಕಡಿದಾಗುತ್ತಾ ಹೋಗುತ್ತದೆ. ಸರಿಯಾಗಿ 3ನೇ ನಿಮಿಷದಲ್ಲಿ ಆ ಡ್ರೋನುಗಳೆಲ್ಲ ಒಂದೇ ಜಾಗಕ್ಕೆ, 1ನೇ ಕಿಲೋಮೀಟರಿನ ಕಲ್ಲಿಗೆ ಬಂದು ಸೇರುತ್ತವೆ. ಸೂತ್ರದ ಛೇದ 1 − 20t ಸೊನ್ನೆಯಾಗುವುದೂ ಆಗಲೇ, ಏಕೆಂದರೆ 3 ನಿಮಿಷ ಎಂದರೆ ಗಂಟೆಯ ಇಪ್ಪತ್ತನೇ ಒಂದು ಭಾಗ.

ಇದರಾಚೆಗೂ ರೇಖೆಗಳನ್ನು ಎಳೆಯುತ್ತಲೇ ಹೋದರೆ ಏನಾಗುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಒಮ್ಮೆ ಕೈಯಾರೆ ಮಾಡಿನೋಡಬೇಕು. 6ನೇ ನಿಮಿಷದಲ್ಲಿ 1ನೇ ಕಿಲೋಮೀಟರಿನ ಕಲ್ಲಿಗೆ ಮೂರು ರೇಖೆಗಳು ಬರುತ್ತವೆ. ಒಂದು 40 ಎನ್ನುತ್ತದೆ, ಒಂದು 60, ಇನ್ನೊಂದು 100. ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ಮೂರು ಸಾಂದ್ರತೆ ಇರಲಾರದು. ರೇಖೆಗಳು ಒಂದನ್ನೊಂದು ದಾಟಿದವೆಂದರೆ ವಿಧಾನ ತನ್ನ ಎಲ್ಲೆ ಮೀರಿದೆ ಎಂದೇ ಅರ್ಥ.

ಆಗ ಮತ್ತೆ ಗಾಡಿಗಳ ಎಣಿಕೆಗೇ ಮರಳಬೇಕು. 3ನೇ ನಿಮಿಷದಿಂದ ರಸ್ತೆಯಲ್ಲಿ ಒಂದು ಥಟ್ಟನೆಯ ಗಡಿ ಇರುತ್ತದೆ: ಹಿಂದೆ 40, ಮುಂದೆ 100. ಇದನ್ನು ಶಾಕ್ ಎನ್ನುತ್ತಾರೆ. ಹಿಂದಿನಿಂದ ಗಂಟೆಗೆ 1,600 ಗಾಡಿ ಬರುತ್ತಿವೆ, ಮುಂದೆ ಸಾಗುತ್ತಿರುವುದು 1,000. ಉಳಿದ 600 ಗಾಡಿಗಳು ಸಾಲಿಗೆ ಸೇರಿಕೊಳ್ಳಲೇಬೇಕು. ಕಿಲೋಮೀಟರಿಗೆ 60 ಗಾಡಿಯ ವ್ಯತ್ಯಾಸ ಇರುವುದರಿಂದ ಗಡಿ ಗಂಟೆಗೆ 600/60, ಅಂದರೆ 10 ಕಿ.ಮೀ. ವೇಗದಲ್ಲಿ ಹಿಂದಕ್ಕೆ ಸರಿಯುತ್ತದೆ. 6 ನಿಮಿಷ ಕಳೆದ ಮೇಲೆ ಅದು ಸೊನ್ನೆಯ ಕಲ್ಲಿನಲ್ಲಿರುತ್ತದೆ. ಆರಂಭದಲ್ಲಿ ಕಂಡ ಚಾಲಕ 40 ಕಿ.ಮೀ. ವೇಗದಿಂದ 10ಕ್ಕೆ ಇಳಿಯಬೇಕಾದದ್ದು ಈ ಗಡಿಯನ್ನು ಎದುರಾದಾಗ. ರಸ್ತೆಯಲ್ಲಿ ಆಗ ಅಪಘಾತವಾಗಲಿ ಕೆಟ್ಟ ಲಾರಿಯಾಗಲಿ ಇರಬೇಕಿಲ್ಲ. ಮೆಲ್ಲನೆ ಏರುತ್ತಿದ್ದ ದಟ್ಟಣೆ ತಾನಾಗಿಯೇ ಗೋಡೆಯಾಗಿದೆ.

ಈ ಮಾದರಿ ಎಲ್ಲವನ್ನೂ ಹೇಳುವುದಿಲ್ಲ. ಎಲ್ಲ ಗಾಡಿಗಳೂ ಒಂದೇ ಬಗೆಯವು, ಚಾಲಕರು ತಕ್ಷಣವೇ ವೇಗ ಹೊಂದಿಸಿಕೊಳ್ಳುತ್ತಾರೆ ಎಂದು ಅದು ನಂಬುತ್ತದೆ. ಬೈಕು, ಆಟೊ, ಬಸ್ಸುಗಳು ಲೇನ್ ಲೆಕ್ಕಿಸದೆ ಬೆರೆಯುವ ನಮ್ಮ ನಗರಗಳ ರಸ್ತೆಗೆ 60 − k/2ರಂಥ ಒಂದೇ ನಿಯಮ ಹೊಂದುವುದು ಕಷ್ಟ. ಇನ್ನೊಂದು ಕೊರತೆ ವಿಧಾನದೊಳಗಿಂದಲೇ ಕಾಣುತ್ತದೆ. ರೇಖೆಯುದ್ದಕ್ಕೂ k ಬದಲಾಗದು ಎಂದಮೇಲೆ ಆರಂಭದಲ್ಲಿದ್ದ ಗರಿಷ್ಠ ದಟ್ಟಣೆಯನ್ನು ಮೀರಿದ ದಟ್ಟಣೆ ಮುಂದೆ ಹುಟ್ಟಲಾರದು. ಸಣ್ಣ ಏರುಪೇರು ಕಡಿದಾಗಬಹುದು, ಎತ್ತರವಾಗಲಾರದು. ಗಾಡಿಗಳು ಸಮಾನ ಅಂತರದಲ್ಲಿದ್ದರೆ ರೇಖೆಗಳು ಸಮಾನಾಂತರವಾಗಿ ಸಾಗುತ್ತವೆ, ಎಂದೂ ಸೇರುವುದಿಲ್ಲ, ಜಾಮ್ ಆಗುವುದಿಲ್ಲ.

ಆದರೆ ಜಪಾನಿನ ಯೂಕಿ ಸುಗಿಯಾಮಾ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 230 ಮೀಟರ್ ಸುತ್ತಳತೆಯ ವರ್ತುಲದಲ್ಲಿ 22 ಕಾರುಗಳನ್ನು ಒಂದೇ ವೇಗದಲ್ಲಿ ಓಡಿಸುವಂತೆ ಹೇಳಿದಾಗ, ಯಾವ ಅಡ್ಡಿಯೂ ಇಲ್ಲದೆ ಜಾಮ್ ಹುಟ್ಟಿತು. ಅದು ಗಂಟೆಗೆ ಸುಮಾರು 20 ಕಿ.ಮೀ. ವೇಗದಲ್ಲಿ ಹಿಂದಕ್ಕೆ ಸರಿಯಿತು.